ರಾತ್ರಿ ಒಂದಕ್ಕೆ ಬಿಸಿಯಾಗುವ ಚಿಂದಿ

(ಕಲಬುರಗಿಯಲ್ಲಿ ಪ್ರೆಸ್ ಮಾಲೀಕರು, ಮಷಿನ್‌ಮನ್‌ಗಳು ಮತ್ತು ಬೈಂಡಿಂಗ್ ಕೆಲಸದವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ಶರಣು.

ಬೆಂಕಿ ಅಂದ ಕೂಡಲೇ ನಮ್ಮ ಪ್ರೆಸ್‌ಗಳಲ್ಲಿ ಎಲ್ಲರ ಬೆರಳು ಹೋಗುವುದು ಕರೆಂಟಿನ ಕಡೆಗೆ. 'ಶಾರ್ಟ್ ಸರ್ಕ್ಯೂಟ್ ಆಗಿರಬೇಕು' ಅಂತ ಒಂದು ಮಾತು ಹೇಳಿ ಮುಗಿಸುತ್ತೇವೆ. ವೈರಿಂಗ್‌ನಿಂದ ಬೆಂಕಿ ಬೀಳುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇವತ್ತು ನಾನು ಮಾತಾಡಬೇಕೆಂದಿರುವುದು ಬೇರೆ ವಸ್ತುವಿನ ಬಗ್ಗೆ. ಅದು ನಿಮ್ಮ ಮಷಿನ್ನಿನ ಕಾಲ ಬಳಿಯೇ ಬಿದ್ದಿರುತ್ತದೆ. ರಬ್ಬರ್ ಬ್ಲಾಂಕೆಟ್ ಒರೆಸಿದ ಚಿಂದಿ. ಬನಿಯನ್ ವೇಸ್ಟ್.

ನಾನು ಆಫ್‌ಸೆಟ್ ಮಷಿನ್ನಿನ ಮುಂದೆ ಬಹಳ ವರ್ಷ ನಿಂತವನು. ಒಂದು ಮೇ ತಿಂಗಳ ರಾತ್ರಿ ಕಂಡದ್ದನ್ನು ಮೊದಲು ಹೇಳುತ್ತೇನೆ. ಆಮೇಲೆ ಅದು ಯಾಕಾಯಿತು ಅಂತ ನೋಡೋಣ.

ನಾನಿದ್ದದ್ದು ನೋಟ್‌ಬುಕ್ ಮಾಡುವ ಒಂದು ಪ್ರೆಸ್. ಒಳಹಾಳೆಗೆ ರೀಲ್ ಕಾಗದ, ಅದಕ್ಕೆ ಗೆರೆ ಹಾಕುವ ರೂಲಿಂಗ್ ಮಷಿನ್. ರಟ್ಟಿನ ಮೇಲ್ಹೊದಿಕೆ ಮುದ್ರಿಸಲು ಶೀಟ್ ಹಾಕುವ ಆಫ್‌ಸೆಟ್. ಜೂನ್‌ನಲ್ಲಿ ಶಾಲೆ ಶುರುವಾಗುತ್ತದಲ್ಲ, ಹಾಗಾಗಿ ಮೇ ಅಂದರೆ ನಮಗೆ ಸುಗ್ಗಿ. ಅದೇ ಹೊತ್ತಿಗೆ ಲಗ್ನಪತ್ರಿಕೆಯ ಕೆಲಸವೂ ಬರುತ್ತದೆ. ರೀಲುಗಳನ್ನು ಇಡಲು ಜಾಗ ಸಾಲದೆ ಒಂದರ ಮೇಲೊಂದು ನಿಲ್ಲಿಸಿ, ತಗಡಿನ ಛಾವಣಿಯ ಹತ್ತಿರದವರೆಗೂ ಪೇರಿಸಿದ್ದರು.

ಅವತ್ತು ಶನಿವಾರ. ಇಡೀ ದಿನ ಕವರ್‌ಗೆ ಗಾಢ ಕೆಂಪು ಬಣ್ಣ ಓಡಿತ್ತು. ರಟ್ಟಿನ ತುಂಬ ಬಣ್ಣ ಹರಡುವ ಕೆಲಸ, ಹಾಗಾಗಿ ಬ್ಲಾಂಕೆಟ್ ಪದೇ ಪದೇ ತೊಳೆಯಬೇಕಾಯಿತು. ಸಂಜೆ ರೋಲರ್‌ಗಳನ್ನೂ ತೊಳೆದೆವು. ಒರೆಸಿದ ಚಿಂದಿಯನ್ನೆಲ್ಲ ಒಂದು ಖಾಲಿ ರಟ್ಟಿನ ಪೆಟ್ಟಿಗೆಗೆ ಹಾಕುತ್ತಾ ಹೋದೆವು. ತುಂಬಿದಾಗ ಕಾಲಿನಿಂದ ಒತ್ತಿದೆವು. ಸೋಮವಾರ ರದ್ದಿಯವನು ಬಂದಾಗ ಕೊಟ್ಟರಾಯಿತು ಅಂತ ಪೆಟ್ಟಿಗೆಯನ್ನು ರೀಲುಗಳ ಪಕ್ಕಕ್ಕೆ ಸರಿಸಿದೆವು. ಒಂಬತ್ತಕ್ಕೆ ಮೇನ್ ಸ್ವಿಚ್ ಇಳಿಸಿ, ಶಟರ್ ಎಳೆದು ಮನೆಗೆ ಹೋದೆವು.

ರಾತ್ರಿ ಒಂದರ ಸುಮಾರಿಗೆ ವಾಚ್‌ಮನ್ ಕಾಕಾನ ಫೋನ್. "ಏನೋ ಎಣ್ಣಿ ಸುಟ್ಟ ವಾಸನಿ ಬರ್ಲಾಕತ್ತದರಿ, ಲಗೂನ ಬರ್ರಿ." ಹೋಗಿ ಶಟರ್ ಎತ್ತಿದರೆ ಒಳಗೆ ಹೊಗೆ. ಪೆಟ್ಟಿಗೆ ಉರಿಯುತ್ತಿತ್ತು, ಅದಕ್ಕೆ ತಾಗಿದ್ದ ರೀಲಿನ ಹೊರ ಸುತ್ತುಗಳಿಗೂ ಬೆಂಕಿ ಹಿಡಿದಿತ್ತು. ಕೂಲರ್‌ಗೆ ತುಂಬಿಸಿಟ್ಟಿದ್ದ ನೀರನ್ನೇ ಬಕೆಟ್‌ನಲ್ಲಿ ತಂದು ಸುರಿದೆವು. ಉರಿ ಆರಿತು. ಪೆಟ್ಟಿಗೆಯನ್ನು ಹೊರಗೆಳೆದು ಮತ್ತೆ ನೀರು ಹಾಕಿದೆವು. ಬದುಕಿದೆವಪ್ಪ ಅಂದುಕೊಂಡು ಮನೆಗೆ ಹೋದೆವು.

ಬೆಳಗ್ಗೆ ಏಳಕ್ಕೆ ಮತ್ತೆ ಹೊಗೆ. ಈ ಸಲ ರೀಲಿನ ಒಳಗಿಂದ. ಅಗ್ನಿಶಾಮಕ ದಳದವರು ಬಂದರು. ಅವರು ಮುಗಿಸಿ ಹೋಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು.

ಈಗ ಪ್ರಶ್ನೆ. ಮೇನ್ ಸ್ವಿಚ್ ಇಳಿಸಿತ್ತು. ಬೀಡಿ ಸೇದುವವರು ಯಾರೂ ಒಳಗಿರಲಿಲ್ಲ. ಹೊರಗಿನಿಂದ ಯಾರೂ ಬಂದಿರಲಿಲ್ಲ. ಮತ್ತೆ ಕಡ್ಡಿ ಗೀರಿದ್ದು ಯಾರು?

ಉತ್ತರ ಪೆಟ್ಟಿಗೆಯೊಳಗೇ ಇತ್ತು. ಅಳಿದುಳಿದ ಚಿಂದಿಯನ್ನು ಅಂಗಳದಲ್ಲಿ ಹರವಿದಾಗ ನೋಡಿದೆ. ಅಂಚಿನಲ್ಲಿದ್ದ ಬಟ್ಟೆ ಕೆಲವು ಕಡೆ ಬರೀ ಮಸಿಯಾಗಿತ್ತು, ಕೆಂಪು ಇಂಕು ಇನ್ನೂ ಕಾಣುತ್ತಿತ್ತು. ನಡುವಿನದು ಮಾತ್ರ ಪೂರ್ತಿ ಬೂದಿ. ಹೊರಗಿನಿಂದ ಹಚ್ಚಿದ ಬೆಂಕಿಯಾದರೆ ಹೊರಗಿನದು ಮೊದಲು ಬೇಯಬೇಕು, ಅಲ್ವಾ? ಇದು ಒಳಗಿನಿಂದ ಹೊರಗೆ ಸುಟ್ಟಿತ್ತು. ಚಿಂದಿ ತಾನೇ ಬಿಸಿಯಾಗಿ ತಾನೇ ಹೊತ್ತಿಕೊಂಡಿತ್ತು.

ಇದನ್ನು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ, ನಮಗೆ ಸುಲಭ. ಯಾಕಂದರೆ ನಾವು ಕುಸುಬೆ ಎಣ್ಣೆ ಬಳಸುವ ಜನ, ರೊಟ್ಟಿಗೆ ಅಗಸೆ ಹಿಂಡಿ ಹಚ್ಚಿಕೊಂಡು ತಿನ್ನುವ ಜನ. ಕುಸುಬೆ ಎಣ್ಣೆಯ ಡಬ್ಬಿಯ ಬಾಯಿ ನೆನಪು ಮಾಡಿಕೊಳ್ಳಿ. ಹೊರಗೆ ಸುರಿದ ಎಣ್ಣೆ ಕೆಲವು ದಿನದಲ್ಲಿ ಅಂಟಂಟಾಗಿ, ಆಮೇಲೆ ಹಳದಿ ಪೊರೆಯಾಗಿ ಗಟ್ಟಿಯಾಗುತ್ತದೆ. ಉಗುರಿನಿಂದ ಕೆರೆದರೂ ಬರುವುದಿಲ್ಲ. ಕೊಬ್ಬರಿ ಎಣ್ಣೆ ಹಾಗೆ ಆಗುವುದಿಲ್ಲ. ಕುಸುಬೆ, ಅಗಸೆ ಇವು ಒಣಗುವ ಎಣ್ಣೆಗಳು. ಒಣಗುವುದು ಅಂದರೆ ನೀರಿನ ಹಾಗೆ ಆವಿಯಾಗುವುದಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುವುದು. ಹಾಗೆ ಹೀರಿಕೊಳ್ಳುವಾಗ ಶಾಖ ಹುಟ್ಟುತ್ತದೆ.

ಶೀಟ್ ಆಫ್‌ಸೆಟ್ ಇಂಕು ಕಾಗದದ ಮೇಲೆ ಒಣಗುವುದು ಮುಖ್ಯವಾಗಿ ಇದೇ ದಾರಿಯಲ್ಲಿ. ಅದರಲ್ಲಿ ಅಗಸೆ ಎಣ್ಣೆಯೋ ಅಂಥದೇ ಇನ್ನೊಂದು ಎಣ್ಣೆಯೋ, ಅದರಿಂದ ಮಾಡಿದ ರಾಳವೋ ಇರುತ್ತದೆ. ಬೇಗ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸ್ ಸೇರಿದ ಡ್ರೈಯರ್ ಹಾಕಿರುತ್ತಾರೆ. ಅವಸರದ ಕೆಲಸವಿದ್ದರೆ ನಾವೂ ಇನ್ನೊಂದು ಚಮಚ ಡ್ರೈಯರ್ ಸೇರಿಸುತ್ತೇವೆ. ಅಂದರೆ ಶಾಖ ಹುಟ್ಟುವ ಕೆಲಸವನ್ನು ಇನ್ನೂ ಚುರುಕು ಮಾಡುತ್ತೇವೆ.

ಕಾಗದದ ಮೇಲೆ ಇದು ಅಪಾಯವಲ್ಲ. ಇಂಕಿನ ಪದರ ತೆಳ್ಳಗಿರುತ್ತದೆ, ಹುಟ್ಟಿದ ಶಾಖ ಕೂಡಲೇ ಹೋಗಿಬಿಡುತ್ತದೆ. ಡಬ್ಬಿಯೊಳಗಿನ ಇಂಕೂ ಅಪಾಯವಲ್ಲ. ಅಲ್ಲಿ ಗಾಳಿ ತಾಗುವುದು ಮೇಲ್ಪದರಕ್ಕೆ ಮಾತ್ರ, ಅಲ್ಲೊಂದು ಕೆನೆ ಕಟ್ಟುತ್ತದೆ ಅಷ್ಟೇ. ಚಿಂದಿಯ ಗುಡ್ಡೆಯಲ್ಲಿ ಮಾತ್ರ ಎರಡೂ ಒಟ್ಟಿಗೆ ಸೇರುತ್ತವೆ. ಒಂದೊಂದು ನೂಲಿನ ಮೇಲೂ ಎಣ್ಣೆ ಹರಡಿರುವುದರಿಂದ ಗಾಳಿಗೆ ಬೇಕಾದಷ್ಟು ಜಾಗ. ಗುಡ್ಡೆಯಾಗಿರುವುದರಿಂದ ನಡುವಿನ ಶಾಖಕ್ಕೆ ಹೊರಬರಲು ದಾರಿಯಿಲ್ಲ. ಬಿಸಿಯಾದಷ್ಟೂ ಎಣ್ಣೆ ಇನ್ನೂ ಜೋರಾಗಿ ಗಾಳಿ ಹೀರುತ್ತದೆ, ಇನ್ನೂ ಬಿಸಿಯಾಗುತ್ತದೆ. ಹಸಿ ಮೇವನ್ನು ಬಣವೆ ಒಟ್ಟಿದರೆ ಒಳಗೆ ಕಾವು ಏರಿ ಹೊಗೆಯಾಡುವುದನ್ನು ಹೊಲದವರು ಬಲ್ಲರು. ಅಲ್ಲಿ ಕಾವು ಹುಟ್ಟುವ ಕಾರಣ ಬೇರೆ, ಕಾವು ಹೊರಬರದೆ ಸಿಕ್ಕಿಬೀಳುವ ರೀತಿ ಮಾತ್ರ ಇದೇ.

ಈಗ ಬಹಳ ಮುಖ್ಯವಾದ ಮಾತು. ಆ ಸಂಜೆ ಪೆಟ್ಟಿಗೆ ಸರಿಸುವಾಗ ನಾನು ಆ ಚಿಂದಿಯನ್ನು ಕೈಯಿಂದ ಮುಟ್ಟಿದ್ದೆ. ತಣ್ಣಗಿತ್ತು. ಒದ್ದೆ ಬಟ್ಟೆಯ ಹಾಗೆ ತಂಪು. ಯಾಕಂದರೆ ಮೊದಲು ಆವಿಯಾಗುವುದು ತೊಳೆಯಲು ಹಾಕಿದ ದ್ರಾವಕ. ಅದು ಆವಿಯಾಗುವಾಗ ಬಟ್ಟೆ ತಂಪಾಗುತ್ತದೆ. ಅದು ಹೋದ ಮೇಲೆ ಎಣ್ಣೆಯ ಕೆಲಸ ಜೋರಾಗುತ್ತದೆ. ಹಾಗಾಗಿ ಎಂಟು ಗಂಟೆಗೆ ತಂಪಾಗಿದ್ದ ಚಿಂದಿ ಒಂದು ಗಂಟೆಗೆ ಹೊಗೆಯಾಡಬಹುದು. ಬಾಗಿಲು ಹಾಕುವಾಗ ಮುಟ್ಟಿ ನೋಡಿ 'ಏನೂ ಇಲ್ಲ' ಅನ್ನುವುದಕ್ಕೆ ಅರ್ಥವೇ ಇಲ್ಲ. ಅವತ್ತು ಇನ್ನೊಂದು ವಿಷಯವೂ ಸೇರಿತ್ತು. ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ ಶಟರ್ ಎಳೆದ ಮೇಲೂ ಗಂಟೆಗಟ್ಟಲೆ ಕಾದೇ ಇರುತ್ತದೆ. ಗುಡ್ಡೆಯ ಶಾಖ ಹೊರಗೆ ಹೋಗಬೇಕೆಂದರೆ ಹೊರಗೆ ತಂಪಿರಬೇಕಲ್ಲ?

ಇದು ಬರೀ ನಮ್ಮಂಥ ಸಣ್ಣ ಶೆಡ್ಡಿನ ಕಥೆ ಅಂದುಕೊಳ್ಳಬೇಡಿ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಮರದ ಹಲಗೆಗಳಿಗೆ ಹೊಳಪು ಕೊಡುತ್ತಿದ್ದ ಕೆಲಸಗಾರರು ಅಗಸೆ ಎಣ್ಣೆಯ ಚಿಂದಿಯನ್ನು 22ನೇ ಮಹಡಿಯಲ್ಲಿ ಬಿಟ್ಟು ಹೋಗಿದ್ದರು. ಅದೂ ವಾರದ ಕೊನೆಯೇ, ಶನಿವಾರ. ಎಂಟು ಮಹಡಿಗಳು ಸುಟ್ಟವು, ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಕೊನೆಗೆ ಬೆಂಕಿ ನಿಂತದ್ದು 30ನೇ ಮಹಡಿಯಲ್ಲಿ, ಛಾವಣಿಯಿಂದ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದ ಕಡೆ.

ಎಲ್ಲ ಇಂಕೂ ಹೀಗೆ ಮಾಡುವುದಿಲ್ಲ. ಪತ್ರಿಕೆ ಅಚ್ಚು ಹಾಕುವ ವೆಬ್ ಮಷಿನ್ನಿನ ಇಂಕು ಖನಿಜ ತೈಲದ್ದಾಗಿದ್ದರೆ ಅದು ಕಾಗದದೊಳಗೆ ಇಂಗಿ ಒಣಗುತ್ತದೆ, ತಾನಾಗಿ ಬಿಸಿಯಾಗುವುದಿಲ್ಲ. ಗ್ರೀಸ್ ಒರೆಸಿದ ಬಟ್ಟೆಯೂ ಅಷ್ಟೇ. ಆದರೆ ನಮ್ಮ ಪ್ರೆಸ್‌ನಲ್ಲಿ ಎಲ್ಲ ಚಿಂದಿಯೂ ಒಂದೇ ಪೆಟ್ಟಿಗೆಗೆ ಬೀಳುತ್ತದೆ. ಬೇರೆ ಮಾಡಿ ಇಡುತ್ತೇವೆ ಅಂತ ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ರೀತಿ ನೋಡಿ.

ಇನ್ನು ತೊಳೆಯುವ ದ್ರಾವಕದ ವಿಷಯ. ಸಣ್ಣ ಪ್ರೆಸ್‌ಗಳಲ್ಲಿ ಈಗಲೂ ಪೆಟ್ರೋಲ್, ಸೀಮೆಎಣ್ಣೆ, ಇಲ್ಲವೇ ಎರಡರ ಮಿಶ್ರಣ ಓಡುತ್ತದೆ. ಪೆಟ್ರೋಲ್ ಅಪಾಯ ಅಂತ ಎಲ್ಲರಿಗೂ ಗೊತ್ತು. ಅದರ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ಶಹಾಬಾದ್ ಫರಸಿಯ ಮೇಲೆ ನೀರಿನ ಹಾಗೆ ಹರಡುತ್ತದೆ. ನಾವು ಸೆಕೆಗೆ ಅಂತ ಕೂಲರ್ ಹಚ್ಚಿ ಆ ಆವಿಯನ್ನು ನೆಲದ ಗುಂಟ ಇನ್ನೊಂದು ಮೂಲೆಗೆ ತಳ್ಳುತ್ತೇವೆ. ಅಲ್ಲಿ ಕಂಪ್ರೆಸರ್ ಮೋಟಾರ್ ಇರುತ್ತದೆ, ಇಲ್ಲವೇ ಚಹಾ ಕಾಯಿಸುವ ಸ್ಟೋವ್.

ಸೀಮೆಎಣ್ಣೆ ಸುರಕ್ಷಿತ ಅನ್ನುವುದು ನಮ್ಮ ಹಳೆಯ ನಂಬಿಕೆ. ಇಲ್ಲಿ ಸ್ವಲ್ಪ ನಿಲ್ಲೋಣ. ಯಾವುದೇ ದ್ರಾವಕಕ್ಕೆ ಒಂದು ಬಿಸಿ ಇರುತ್ತದೆ. ಅದಕ್ಕಿಂತ ಕೆಳಗೆ ಅದರ ಮೇಲಿನ ಆವಿ ಕಿಡಿಗೆ ಹೊತ್ತುವಷ್ಟು ಇರುವುದಿಲ್ಲ, ಅದನ್ನು ದಾಟಿದರೆ ಇರುತ್ತದೆ. ಅದಕ್ಕೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಪೆಟ್ರೋಲಿಗೆ ಅದು ಸೊನ್ನೆಗಿಂತ ಬಹಳ ಕೆಳಗೆ, ಸುಮಾರು ಮೈನಸ್ 40 ಡಿಗ್ರಿ. ಅಂದರೆ ಪೆಟ್ರೋಲ್ ಯಾವಾಗಲೂ ತಯಾರಾಗಿಯೇ ಕೂತಿರುತ್ತದೆ. ಸೀಮೆಎಣ್ಣೆಗೆ ನಮ್ಮ ದೇಶದ ಮಾನದಂಡ ಕೇಳುವುದು ಕನಿಷ್ಠ 35 ಡಿಗ್ರಿ. ತಂಪು ಊರಿನಲ್ಲಿ ಕೂತವರಿಗೆ ಇದು ಧೈರ್ಯ ಕೊಡುವ ಸಂಖ್ಯೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೇ 42, 43 ಇರುತ್ತದೆ. ಓಡಿ ಓಡಿ ಕಾದ ಬ್ಲಾಂಕೆಟ್ ಮೇಲೆ ಅದನ್ನು ಸುರಿಯುತ್ತೇವೆ. ಜನವರಿ ಬೆಳಗ್ಗೆ ಸುಮ್ನಿದ್ದ ಅದೇ ಡಬ್ಬಿ ಮೇ ಮಧ್ಯಾಹ್ನ ಕಿಡಿ ಕಾಯುತ್ತಿರಬಹುದು. ರಾಯಚೂರಿಗೂ ಯಾದಗಿರಿಗೂ ಇದೇ ಲೆಕ್ಕ.

ಇನ್ನು ಬಟ್ಟೆಗೆ ಹೀರಿಕೊಂಡ ಮೇಲಂತೂ ಆ 35ರ ಲೆಕ್ಕವೂ ನಿಲ್ಲುವುದಿಲ್ಲ. ಚಿಮಣಿ ದೀಪದ ಬತ್ತಿ ಚಳಿಗಾಲದಲ್ಲೂ ಹೊತ್ತುತ್ತದಲ್ಲ? ಚಿಂದಿ ಅಂದರೆ ಬತ್ತಿಯೇ.

ಅಂಗಡಿಯಲ್ಲಿ ಸಿಗುವ ಬ್ಲಾಂಕೆಟ್ ವಾಶ್‌ಗಳಲ್ಲಿ ಫ್ಲ್ಯಾಶ್ ಪಾಯಿಂಟ್ 60ಕ್ಕಿಂತ ಮೇಲಿರುವವು ಇವೆ. ಕೊಳ್ಳುವಾಗ ಅದೊಂದು ಸಂಖ್ಯೆ ಕೇಳಿ, ಡಬ್ಬಿಯ ಜೊತೆ ಬರುವ ಮಾಹಿತಿ ಪತ್ರದಲ್ಲಿ ಇರುತ್ತದೆ. ಮಷಿನ್‌ಮನ್‌ಗಳ ದೂರು ನನಗೆ ಗೊತ್ತು: "ಲಗೂನ ಒಣಗಂಗಿಲ್ರಿ." ನಿಜ. ನಿಧಾನವಾಗಿ ಆವಿಯಾಗುವುದೇ ಅದರ ಸುರಕ್ಷತೆ. ಅದರಿಂದ ಒರೆಸಿದ ಮೇಲೆ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ಒಂದು ಸಲ ಒರೆಸಬೇಕು. ಒಂದೆರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಯಾವುದನ್ನೇ ಬಳಸಿದರೂ ಮಷಿನ್ ಹತ್ತಿರ ಅವತ್ತಿಗೆ ಬೇಕಾದಷ್ಟು ಮಾತ್ರ ಇರಲಿ, ಅದೂ ಮುಚ್ಚಳ ಇರುವ ಡಬ್ಬಿಯಲ್ಲಿ. ತೆರೆದ ಪ್ಲಾಸ್ಟಿಕ್ ಮಗ್‌ನಲ್ಲಿ ಪೆಟ್ರೋಲ್ ಇಟ್ಟು ಅದರಲ್ಲಿ ಚಿಂದಿ ಅದ್ದುವುದನ್ನು ಇವತ್ತೇ ನಿಲ್ಲಿಸಿ. ಮಗ್ ಒಂದು ಉರುಳಿದರೆ ಸಾಕು.

ಆ ರಾತ್ರಿಗೆ ವಾಪಸ್ ಬರುತ್ತೇನೆ. ರೀಲಿನ ವಿಷಯ ಬಾಕಿ ಇದೆ.

ಬಿಗಿಯಾಗಿ ಸುತ್ತಿದ ರೀಲಿಗೆ ಕಡ್ಡಿ ಗೀರಿ ಹಿಡಿದರೆ ಮೇಲಿನ ಸುತ್ತು ಕಪ್ಪಾಗಬಹುದು, ಅಂಚು ಸುಡಬಹುದು, ಹೆಚ್ಚಾಗಿ ಅಲ್ಲೇ ಆರುತ್ತದೆ. ಅದಕ್ಕೆ ಬೆಂಕಿ ಹತ್ತಬೇಕಾದರೆ ಪಕ್ಕದಲ್ಲಿ ಒಂದಷ್ಟು ಹೊತ್ತು ಬಿಡದೆ ಉರಿಯುವ ವಸ್ತು ಬೇಕು. ಒಂದು ಪೆಟ್ಟಿಗೆ ಎಣ್ಣೆ ಚಿಂದಿ ಅದಕ್ಕೆ ಹೇಳಿ ಮಾಡಿಸಿದ್ದು. ನಾವೇ ಅದನ್ನು ಅಲ್ಲಿ ತಂದಿಟ್ಟಿದ್ದೆವು.

ಒಮ್ಮೆ ಹತ್ತಿದ ಮೇಲೆ ರೀಲು ಈರುಳ್ಳಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಹೊರ ಸುತ್ತು ಸುಟ್ಟು ಸೀಳಿ ಕೆಳಗೆ ಜೋಲುತ್ತದೆ, ಒಳಗಿನ ಹೊಸ ಸುತ್ತಿಗೆ ಗಾಳಿ ಸಿಗುತ್ತದೆ, ಅದೂ ಹತ್ತಿ ಜೋಲುತ್ತದೆ. ಕಾಗದ ತೆಳ್ಳಗಿದ್ದಷ್ಟೂ ಇದು ಬೇಗ. ರೀಲುಗಳನ್ನು ನಿಲ್ಲಿಸಿ ಒಂದರ ಮೇಲೊಂದು ಪೇರಿಸಿದಾಗ ಸಾಲುಗಳ ನಡುವೆ ನೆಲದಿಂದ ಛಾವಣಿಯವರೆಗೆ ಕಿರಿದಾದ ಸಂದು ಉಳಿಯುತ್ತದೆ. ಅದು ಒಲೆಯ ಹೊಗೆಗೂಡಿನ ಹಾಗೆಯೇ ಕೆಲಸ ಮಾಡುತ್ತದೆ. ಕೆಳಗಿನಿಂದ ಗಾಳಿ ಎಳೆದು ಉರಿಯನ್ನು ಮೇಲೆ ಒಯ್ಯುತ್ತದೆ. ಎರಡೂ ಕಡೆಯ ರೀಲುಗಳು ಒಂದನ್ನೊಂದು ಕಾಯಿಸುತ್ತವೆ. ಕಾಕಾ ಮೂಗಿಗೆ ಆ ವಾಸನೆ ಅರ್ಧ ಗಂಟೆ ತಡವಾಗಿ ತಗುಲಿದ್ದರೆ ನಮ್ಮ ಬಕೆಟ್ ನೀರು ಯಾವುದಕ್ಕೂ ಸಾಲುತ್ತಿರಲಿಲ್ಲ.

ನಾವು ಮಾಡಿದ ದೊಡ್ಡ ತಪ್ಪು ಉರಿ ಆರಿದ ಮೇಲೆ ಮನೆಗೆ ಹೋದದ್ದು. ರೀಲಿನಲ್ಲಿ ಉರಿ ಆರುವುದೂ ಬೆಂಕಿ ಆರುವುದೂ ಒಂದೇ ಅಲ್ಲ. ಸುಟ್ಟ ಅಂಚಿನಿಂದ ಕೆಂಡ ಸುತ್ತುಗಳ ನಡುವೆ ಒಳಕ್ಕೆ ಹೋಗಿರುತ್ತದೆ. ಮೇಲೆ ಸುರಿದ ನೀರು ಹೊರಗಿನ ಸುತ್ತಿನ ಮೇಲೆ ಜಾರಿ ಇಳಿಯುತ್ತದೆ, ಒಳಗೆ ಇಳಿಯುವುದಿಲ್ಲ. ಪುಡಿ ಹಾರಿಸುವ ಕೆಂಪು ಸಿಲಿಂಡರ್ ಕೂಡ ಮೇಲಿನ ಉರಿಯನ್ನು ಹೊಡೆದು ಹಾಕುತ್ತದೆ, ಒಳಗಿನ ಕೆಂಡ ಹಾಗೇ ಉಳಿಯುತ್ತದೆ. ಕೆಂಡಕ್ಕೆ ಬಹಳ ಗಾಳಿ ಬೇಕಿಲ್ಲ. ನಡುವಿನ ಕೋರ್‌ನ ತೂತಿನಿಂದ ಸಿಗುವಷ್ಟು ಸಾಕು. ಅಗ್ನಿಶಾಮಕ ದಳದವರು ಆ ರೀಲನ್ನು ಹೊರಗೆ ಉರುಳಿಸಿ, ಪೈಪಿನಲ್ಲಿ ನೀರು ಬಿಡುತ್ತಲೇ ಕೊಡಲಿಯಿಂದ ಸುತ್ತು ಸುತ್ತಾಗಿ ಕಡಿದು ಬಿಚ್ಚಿದರು. ಕೆಲವು ಕಡೆ ಸುತ್ತು ತೆರೆದ ತಕ್ಷಣ ಉರಿ ಭಗ್ ಅಂತ ಎದ್ದದ್ದನ್ನು ಕಣ್ಣಾರೆ ನೋಡಿದೆ. ನೀರು ಕೈಯಲ್ಲಿಲ್ಲದೆ ಹೊಗೆಯಾಡುವ ರೀಲನ್ನು ಯಾವತ್ತೂ ಬಿಚ್ಚಬೇಡಿ.

ನೀರಿಗೂ ಒಂದು ಬೆಲೆ ಇದೆ. ಒದ್ದೆಯಾದ ಕಾಗದ ಉಬ್ಬುತ್ತದೆ. ನಮ್ಮ ಕೆಳಸಾಲಿನ ರೀಲುಗಳು ನೀರು ಕುಡಿದು ಉಬ್ಬಿ, ಬುಡ ಮೆತ್ತಗಾಗಿ, ಮೇಲಿನವು ವಾಲಿದವು. ಒಂದೊಂದು ಅರ್ಧ ಟನ್ನಿನ ಹತ್ತಿರ ತೂಗುವ ರೀಲು. ಅವುಗಳ ಕೆಳಗೆ ನಾವು ಹುಡುಗರು ಬಕೆಟ್ ಹಿಡಿದು ಓಡಾಡಿದ್ದೆವು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಗೋಡೆಗೆ ಒತ್ತಿ ಇಟ್ಟಿದ್ದ ಸಾಲು ಉಬ್ಬಿ ಒಂದು ಇಟ್ಟಿಗೆಯ ತೆಳು ಗೋಡೆಯಲ್ಲಿ ಬಿರುಕು ಬಿಡಿಸಿತ್ತು. ಅದಕ್ಕೇ ಗೋಡೆಯಿಂದ ಎರಡು ಅಡಿ ಬಿಟ್ಟು ಇಡಿ ಅನ್ನುತ್ತೇನೆ. ಆ ಸಂದಿನಲ್ಲಿ ಒಬ್ಬ ಮನುಷ್ಯ ನೀರು ಹಿಡಿದು ಹೋಗಲೂ ಆಗುತ್ತದೆ. ನಮ್ಮಂಥ ಶೆಡ್‌ಗಳಲ್ಲಿ ಎರಡು ರೀಲಿಗಿಂತ ಎತ್ತರ ಬೇಡ ಅನ್ನುವುದು ನನ್ನ ಅನುಭವದ ಮಾತು. ಬಂದ ರೀಲಿನ ದಪ್ಪ ಕಂದು ಹೊದಿಕೆಯನ್ನು ಮಷಿನ್‌ಗೆ ಏರಿಸುವವರೆಗೂ ಬಿಚ್ಚಬೇಡಿ. ಅರ್ಧ ಓಡಿಸಿ ಇಳಿಸಿದ ರೀಲಿನ ತುದಿ ಜೋಲದಂತೆ ಟೇಪ್ ಹಚ್ಚಿ. ಜೋಲುವ ತುದಿ ಬೆಂಕಿಗೆ ಏಣಿ.

ಆ ಘಟನೆಯ ನಂತರ ನಮ್ಮ ಪ್ರೆಸ್‌ನಲ್ಲಿ ನಡೆದ ಬದಲಾವಣೆ ಹೇಳುತ್ತೇನೆ. ಖರ್ಚಿನದಲ್ಲ. ಅಡುಗೆ ಎಣ್ಣೆಯ 15 ಕಿಲೋ ತಗಡಿನ ಡಬ್ಬಿ ತಂದು, ಮೇಲ್ಭಾಗ ಕತ್ತರಿಸಿ, ಬಿಗಿಯಾಗಿ ಕೂರುವ ತಗಡಿನ ಮುಚ್ಚಳ ಮಾಡಿಸಿದೆವು. ಒಂದೊಂದು ಮಷಿನ್ನಿಗೆ ಒಂದು. ಬೆಳಗ್ಗೆ ಅರ್ಧದವರೆಗೆ ನೀರು. ಒರೆಸಿದ ಚಿಂದಿ ಕೈಯಿಂದ ನೇರ ನೀರಿಗೆ. ಮೇಲೆ ತೇಲಿದರೆ ಉಪಯೋಗವಿಲ್ಲ, ಕೋಲಿನಿಂದ ಮುಳುಗಿಸಬೇಕು. ನೀರಿನೊಳಗೆ ಎಣ್ಣೆಗೆ ಗಾಳಿ ಸಿಗುವುದಿಲ್ಲ, ಹುಟ್ಟಿದ ಅಲ್ಪಸ್ವಲ್ಪ ಶಾಖವನ್ನೂ ನೀರು ಕುಡಿಯುತ್ತದೆ. ಆದರೆ ದ್ರಾವಕ ನೀರಿನ ಮೇಲೆ ತೇಲುತ್ತದೆ, ಅದರ ಆವಿ ಏಳುತ್ತದೆ. ಅದಕ್ಕೇ ಮುಚ್ಚಳ. ಸಂಜೆ ಬಾಗಿಲು ಹಾಕುವ ಮೊದಲು ಡಬ್ಬಿ ಕಟ್ಟಡದ ಹೊರಗೆ, ಗೋಡೆಯಿಂದ ದೂರ. ರಜೆಯ ಹಿಂದಿನ ದಿನ ಇದನ್ನು ಮರೆಯುವುದು ಜಾಸ್ತಿ, ಹಾಗಾಗಿ ಶಟರ್‌ನ ಬೀಗದ ಕೈಯನ್ನು ಡಬ್ಬಿ ಹೊರಗಿಟ್ಟವನ ಕೈಗೇ ಕೊಡುವ ರೂಢಿ ಮಾಡಿಕೊಂಡೆವು.

ಆ ನೀರನ್ನು ಚರಂಡಿಗೆ ಚೆಲ್ಲಬೇಡಿ, ಚಿಂದಿಯನ್ನು ರದ್ದಿಯವನಿಗೆ ಕೊಡಬೇಡಿ. ಕೊಟ್ಟರೆ ಬೆಂಕಿ ಅವನ ಗುಡಿಸಲಿಗೆ ಹೋಗುತ್ತದೆ. ಇಂಥ ಚಿಂದಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಒಂದು ಪ್ರೆಸ್‌ನವರಿಗೆ ಸಾಗಿಸುವ ಖರ್ಚು ಭಾರವಾಗುತ್ತದೆ. ಹತ್ತು ಪ್ರೆಸ್‌ನವರು ಸೇರಿ ಅನುಮತಿ ಇರುವವರನ್ನು ಕರೆಸಿದರೆ ಆಗುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಅಣ್ಣಾ, ಒಂದ್ ಚಿಂದಿ ನನ್ ಪ್ಯಾಂಟಿನ್ ಕಿಸೆದಾಗ ಯಾವಾಗ್ಲೂ ಇರ್ತದ. ಅದಕ್ಕೇನ್ ಮಾಡ್ಲಿ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಕಿಸೆಯಲ್ಲಿರುವ ಒಂದು ತುಂಡು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಅಷ್ಟು ಶಾಖ ಅದರಲ್ಲಿ ನಿಲ್ಲುವುದಿಲ್ಲ. ಆದರೆ ದ್ರಾವಕದ ಬತ್ತಿಯನ್ನು ಮೈಗೆ ಕಟ್ಟಿಕೊಂಡು ಓಡಾಡಿದ ಹಾಗೆ, ಕಿಡಿ ತಾಗಿದರೆ ಸುಡುವುದು ನೀನು. ಅದೂ ಡಬ್ಬಿಗೇ ಹೋಗಲಿ. ಇನ್ನು ಇಂಕು ಮೆತ್ತಿದ ಏಪ್ರನ್‌ಗಳು. ಅವುಗಳನ್ನು ಸಂಜೆ ಬಿಚ್ಚಿ ಒಂದರ ಮೇಲೊಂದು ಮೂಲೆಗೆ ಎಸೆದರೆ ಅದೂ ಚಿಂದಿಯ ಗುಡ್ಡೆಯೇ. ಒಂದೊಂದಕ್ಕೆ ಒಂದೊಂದು ಮೊಳೆ ಹೊಡೆಯಿರಿ. ರೀಲು ಇರುವ ಗೋಡೆಗಲ್ಲ, ಎದುರಿನ ಗೋಡೆಗೆ, ಒಂದಕ್ಕೊಂದು ತಾಗದಂತೆ ಗೇಣು ಗೇಣು ಬಿಟ್ಟು.